ದೋಸೆ ಮೆತ್ತಗಿತ್ತು ಅಂದವರು ಎಷ್ಟು ಹೊತ್ತಿಗೆ ಬಂದಿದ್ದರು?

ಪ್ರಶ್ನೆ: ಹಾಸನದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು 40 ಸೀಟಿನ ಸಸ್ಯಾಹಾರಿ ಹೋಟೆಲ್ ಇದೆ. ಶುರು ಮಾಡಿ ಮೂರು ವರ್ಷ ಆಯ್ತು. ಗೂಗಲ್‌ನಲ್ಲಿ 400 ರಿವ್ಯೂ ಇವೆ, ರೇಟಿಂಗ್ 3.8. ಒಬ್ಬರು ದೋಸೆ ಮೆತ್ತಗೆ ಅಂತಾರೆ, ಒಬ್ಬರು ಸಾಂಬಾರ್ ಸಿಹಿ ಅಂತಾರೆ, ಇನ್ನೊಬ್ಬರು ಲೇಟು ಅಂತಾರೆ. ಅವರ ಮಾತು ಕೇಳಿ ಎರಡು ಸಲ ಮೆನು ಬದಲಾಯಿಸಿದೆ, ಭಟ್ಟರನ್ನೂ ಬದಲಾಯಿಸಿದೆ. ದೂರು ನಿಂತಿಲ್ಲ. ಯಾರ ಮಾತು ಕೇಳಬೇಕು, ಯಾರದ್ದು ಬಿಡಬೇಕು ಸರ್?

ಉತ್ತರ: ಇನ್ನು ನಾಲ್ಕು ವಾರ ಮೆನು ಮುಟ್ಟಬೇಡಿ. ಭಟ್ಟರನ್ನೂ ಬದಲಾಯಿಸಬೇಡಿ. ಈ ನಾಲ್ಕು ವಾರ ನೀವು ಮಾಡಬೇಕಾದದ್ದು ಒಂದೇ ಕೆಲಸ. ಬಂದ ಪ್ರತಿ ದೂರಿಗೂ ಅದು ಯಾವ ದಿನದ್ದು, ಎಷ್ಟು ಗಂಟೆಯದ್ದು ಅಂತ ಹುಡುಕಿ ಬರೆದಿಡುವುದು.

ಯಾಕೆ ಅಂದರೆ, ಗಿರಾಕಿ ಹೇಳುವುದು ತಟ್ಟೆಗೆ ಬಂದದ್ದನ್ನು. ಅದು ಒಳಗೆ ಯಾಕೆ ಹಾಗಾಯ್ತು ಅಂತ ಅವರಿಗೆ ಕಾಣುವುದಿಲ್ಲ. "ದೋಸೆ ಮೆತ್ತಗೆ" ಅಂತ ಓದಿದ ಕೂಡಲೇ ನಾವು ಹಿಟ್ಟಿಗೆ ಕೈ ಹಾಕುತ್ತೇವೆ. ಅಕ್ಕಿ ಜಾಸ್ತಿ ಮಾಡು, ಅವಲಕ್ಕಿ ಕಡಿಮೆ ಮಾಡು ಅಂತೇವೆ. ಆದರೆ ಅದೇ ಹಿಟ್ಟಿನಲ್ಲಿ ಬೆಳಿಗ್ಗೆ 7 ಗಂಟೆಗೆ ಹೊಯ್ದ ದೋಸೆ ಚೆನ್ನಾಗಿ ಬಂದಿದ್ದು, 9 ಗಂಟೆಗೆ ಹೊಯ್ದದ್ದು ಮೆತ್ತಗಾಗಿದ್ದರೆ? ಆಗ ಹಿಟ್ಟು ಬದಲಾಯಿಸಿ ಏನು ಪ್ರಯೋಜನ ಅಲ್ವಾ. ಇದು ಗೊತ್ತಾಗಬೇಕು ಅಂದರೆ ದೂರಿನ ಪಕ್ಕ ಗಂಟೆ ಬರೆದಿರಬೇಕು.

ಆ 3.8 ಅನ್ನುವ ಅಂಕಿಯನ್ನು ದಿನಾ ನೋಡುವುದನ್ನೂ ಸ್ವಲ್ಪ ದಿನ ಬಿಟ್ಟುಬಿಡಿ. ಲೆಕ್ಕ ಹಾಕಿ ನೋಡಿ. 400 ಜನರ ಸರಾಸರಿ 3.8. ನಾಳೆಯಿಂದ ಬರುವ 40 ಜನ ಒಬ್ಬರೂ ತಪ್ಪದೆ ಐದು ಸ್ಟಾರ್ ಕೊಟ್ಟರೂ ಅದು 3.9ಕ್ಕೆ ಬಂದು ನಿಲ್ಲುತ್ತದೆ. ನೀವು ಇವತ್ತು ಮಾಡಿದ ಒಳ್ಳೆ ಕೆಲಸ ಆ ಅಂಕಿಯಲ್ಲಿ ಕಾಣುವುದಕ್ಕೆ ತಿಂಗಳುಗಟ್ಟಲೆ ಬೇಕು. ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿಕೊಂಡು ಕೊನೆಯ 30 ಮಾತ್ರ ಓದಿ. ನಿಮ್ಮ ಹೋಟೆಲ್ ಈಗ ಹೇಗಿದೆ ಅನ್ನುವುದು ಅದರಲ್ಲಿದೆ.

ದೂರು ಬರೆದಿಡುವ ಪುಸ್ತಕದ ವಿಷಯಕ್ಕೆ ಬರೋಣ. ಉದ್ದನೆಯ ಲೆಕ್ಕದ ಪುಸ್ತಕ ಒಂದು ಸಾಕು, ಗಲ್ಲಾದ ಮೇಲೆ ಇಡಿ. ದಿನ, ಗಂಟೆ, ತಿಂಡಿಯ ಹೆಸರು, ಗಿರಾಕಿ ಹೇಳಿದ ಮಾತು, ಕೂತು ತಿಂದದ್ದಾ ಪಾರ್ಸೆಲ್ಲಾ, ಇಷ್ಟು ಬರೆಯಲು ಗೆರೆ ಹಾಕಿಕೊಳ್ಳಿ. ಮಾತನ್ನು ಅವರು ಹೇಳಿದ ಹಾಗೇ ಬರೆಯಬೇಕು. "ದೋಸೆ ಸರಿ ಇಲ್ಲ" ಅಂತ ನೀವು ಚುಟುಕು ಮಾಡಿದರೆ ಉಪಯೋಗಕ್ಕೆ ಬರುವ ಭಾಗವೇ ಹೋಗಿಬಿಡುತ್ತದೆ. ಇದಕ್ಕೆ ಉದಾಹರಣೆ ಮುಂದೆ ಹೇಳುತ್ತೇನೆ.

ಗೂಗಲ್ ರಿವ್ಯೂನಲ್ಲಿ "2 ವಾರದ ಹಿಂದೆ" ಅಂತ ಇರುತ್ತದೆಯೇ ಹೊರತು ಅವರು ತಿಂದ ಗಂಟೆ ಇರುವುದಿಲ್ಲ. ಅದಕ್ಕೇ ಹೊಸ ರಿವ್ಯೂ ಬಂದ ದಿನವೇ ಬಿಲ್ ಜೊತೆ ತಾಳೆ ನೋಡಬೇಕು. ಎರಡು ಮಸಾಲೆ, ಒಂದು ವಡೆ, ಎರಡು ಕಾಫಿ ಅಂತ ಬರೆದಿದ್ದರೆ ಆ ಬಿಲ್ ಹುಡುಕುವುದು ಕಷ್ಟ ಅಲ್ಲ. ಫೋಟೋ ಹಾಕಿದ್ದರೆ ಟೇಬಲ್, ಬೆಳಕು ನೋಡಿ ಹೊತ್ತು ಗೊತ್ತಾಗುತ್ತದೆ. ಆ್ಯಪ್‌ನಲ್ಲಿ ಬಂದ ಆರ್ಡರ್‌ಗೆ ಗಂಟೆ ಅಲ್ಲೇ ಇರುತ್ತದೆ. ಹಳೆ ರಿವ್ಯೂಗಳಿಗೆ ಈ ಕೆಲಸ ಆಗುವುದಿಲ್ಲ, ಬಿಡಿ.

ಆದರೆ ಬರೆಯುವವರು ಕೆಲವೇ ಜನ. ಬೇಜಾರಾದ ಹೆಚ್ಚಿನವರು ಸುಮ್ನೆ ದುಡ್ಡು ಕೊಟ್ಟು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಅವರ ಮಾತು ಗಲ್ಲಾದಲ್ಲೇ ಸಿಗಬೇಕು. "ತಿಂಡಿ ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿತ್ತು" ಅಂತಾರೆ, ಚಿಲ್ಲರೆ ತಗೊಂಡು ಹೊರಡುತ್ತಾರೆ. ಅದು ಮರ್ಯಾದೆಯ ಉತ್ತರ. ಅದರ ಬದಲು ಬಿಲ್ ನೋಡಿ, "ದೋಸೆ ಗರಿಯಾಗಿತ್ತಾ ಸರ್?", "ಸಾಂಬಾರ್ ಬಿಸಿ ಇತ್ತಾ ಅಮ್ಮ?" ಅಂತ ಒಂದೇ ವಸ್ತುವಿನ ಬಗ್ಗೆ ಕೇಳಿ. ಆಗ ಒಂದು ಕ್ಷಣ ಯೋಚನೆ ಮಾಡಿ ನಿಜ ಹೇಳುತ್ತಾರೆ. "ಗರಿ ಏನೋ ಇತ್ತು, ಆದ್ರೆ..." ಅಂತ ಶುರು ಮಾಡಿದರೆ ಪೆನ್ನು ತಗೊಳ್ಳಿ.

ಈಗ ಒಂದು ಹೋಟೆಲಿನ ಕಥೆ ಹೇಳುತ್ತೇನೆ. ತುಮಕೂರು ಕಡೆ, ನಿಮ್ಮ ಹಾಗೇ ಹೆದ್ದಾರಿ ಪಕ್ಕದ್ದು. ನಿಮ್ಮ ಹಾಗೇ ದೋಸೆ ಮೆತ್ತಗೆ, ಲೇಟು ಅನ್ನುವ ದೂರು. ಮಾಲೀಕರು ಹಿಟ್ಟಿನ ಅಳತೆ ಮೂರು ಸಲ ಬದಲಾಯಿಸಿದ್ದರು. ನಾಲ್ಕು ವಾರ ಪುಸ್ತಕ ಬರೆಸಿದೆವು. ದೋಸೆ ಮೆತ್ತಗೆ ಅನ್ನುವ 11 ದೂರು ಬಂದಿದ್ದವು. ಗಂಟೆ ನೋಡಿದರೆ 9 ದೂರು ಶನಿವಾರ, ಭಾನುವಾರ ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ ಒಳಗಿನವು. ಲೇಟು ಅನ್ನುವ ದೂರುಗಳೂ ಬಹುತೇಕ ಅದೇ ಹೊತ್ತಿನವು. ಅಂದರೆ ಎರಡೂ ಬೇರೆ ಬೇರೆ ದೂರು ಅಂದುಕೊಂಡಿದ್ದೆವು, ಬೇರು ಒಂದೇ ಇತ್ತು.

ಜನ ಜಾಸ್ತಿ, ಅದಕ್ಕೇ ಹೀಗೆ ಅಂತ ಮಾಲೀಕರು ಅಂದರು. ಜನ ಜಾಸ್ತಿಯಾದರೆ ಲೇಟಾಗುತ್ತದೆ ಸರಿ, ಮೆತ್ತಗೆ ಯಾಕಾಗಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಒಬ್ಬ ಗಿರಾಕಿಯ ಮಾತಿನಲ್ಲಿ. "ನಾವಿಬ್ಬರೂ ಮಸಾಲೆ ಹೇಳಿದೆವು, ಒಟ್ಟಿಗೇ ಬಂತು. ನನ್ನ ಹೆಂಡತಿಯದು ಗರಿಗರಿ, ನನ್ನದು ಬೆಳ್ಳಗೆ ಮೆತ್ತಗೆ." ಪುಸ್ತಕದಲ್ಲಿ ಈ ಮಾತು ಹಾಗೇ ಇತ್ತು. ಒಂದೇ ಹಿಟ್ಟು, ಒಂದೇ ಕೈ, ಒಂದೇ ಸಲ ಹೊಯ್ದ ದೋಸೆ. ಹಾಗಾದರೆ ಬೇರೆ ಇದ್ದದ್ದು ಕಾವಲಿಯ ಬಿಸಿ.

ಮುಂದಿನ ಭಾನುವಾರ ನಾನು ಕಾವಲಿ ಪಕ್ಕ ಎರಡು ಗಂಟೆ ನಿಂತೆ. ಕಾವಲಿಯಲ್ಲಿ ಒಂದು ಸಲಕ್ಕೆ 8 ದೋಸೆ ಹಿಡಿಯುತ್ತಿತ್ತು. ಕೆಳಗೆ ಎರಡು ಬರ್ನರ್. ಮಸಾಲೆ ದೋಸೆ ಹೊಯ್ದು, ಎಣ್ಣೆ ಬಿಟ್ಟು, ಚಟ್ನಿ ಸವರಿ, ಪಲ್ಯ ಇಟ್ಟು ಮಡಚಿ ತೆಗೆದು, ನೀರು ಚಿಮುಕಿಸಿ ಗುಡಿಸುವ ತನಕ ನಾಲ್ಕು ನಿಮಿಷ. ಅಲ್ಲಿಗೆ ಎಲ್ಲ ಸರಿ ಇತ್ತು. ಅಷ್ಟರಲ್ಲಿ "ಎರಡು ಈರುಳ್ಳಿ ಉತ್ತಪ್ಪ" ಅಂತ ಕೂಗು ಬಂತು. ಉತ್ತಪ್ಪ ದಪ್ಪ. ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಬೇಕು, ಮಗುಚಿ ಹಾಕಬೇಕು. ಏಳೆಂಟು ನಿಮಿಷ ಹಿಡಿಯುತ್ತದೆ. ಭಟ್ಟರು ಎಡಗಡೆ ಬರ್ನರ್ ಸಣ್ಣ ಮಾಡಿದರು. ಅರ್ಧ ಕಾವಲಿಯ ಬಿಸಿ ಇಳಿಯಿತು. ಆ ಅರ್ಧದಲ್ಲಿ ಉತ್ತಪ್ಪದ ಪಕ್ಕ ಎರಡು ಮಸಾಲೆ ದೋಸೆಯನ್ನೂ ಹೊಯ್ದರು, ಜಾಗ ಖಾಲಿ ಬಿಡಲು ಆಗುತ್ತಾ ಆ ಗಲಾಟೆಯಲ್ಲಿ? ಬಲಗಡೆಯ ದೋಸೆ ಕೆಂಪಗೆ ಎದ್ದು ಬಂತು. ಎಡಗಡೆಯದು ಬಿಳಿಚಿಕೊಂಡೇ ತಟ್ಟೆಗೆ ಹೋಯಿತು. ರವಾ ದೋಸೆ ಬಂದಾಗಲೂ ಇದೇ ಪಾಡು. ಅದರ ಹಿಟ್ಟು ನೀರು, ಆ ನೀರು ಆರಿ ಗರಿಯಾಗಲು ಮಸಾಲೆ ದೋಸೆಗಿಂತ ಜಾಸ್ತಿ ಹೊತ್ತು ಬೇಕು. ಅಲ್ಲಿಯವರೆಗೆ ಕಾವಲಿಯ ಜಾಗ ಬಿಡುವುದಿಲ್ಲ.

ಮಸಾಲೆ, ಖಾಲಿ ದೋಸೆ ಮಾತ್ರ ಹೊಯ್ದಾಗ ಆ ಕಾವಲಿ ಗಂಟೆಗೆ 90ರ ಹತ್ತಿರ ಕೊಡುತ್ತಿತ್ತು. ಉತ್ತಪ್ಪ, ರವಾ ದೋಸೆ ನಡುವೆ ಸೇರಿಕೊಂಡರೆ 60ಕ್ಕೆ ಬೀಳುತ್ತಿತ್ತು. ನಿಮ್ಮ ಕಾವಲಿಯ ಲೆಕ್ಕ ಬೇರೆ ಇರುತ್ತದೆ, ಗಡಿಯಾರ ಹಿಡಿದು ನೀವೇ ನೋಡಬೇಕು. ನಿಮ್ಮಲ್ಲೂ ಶನಿವಾರ ಬೆಳಿಗ್ಗೆಯೇ ಹೀಗಾಗುತ್ತಿರಬಹುದು ಅಂತ ನನಗೆ ಅನಿಸುತ್ತದೆ. ಬೆಂಗಳೂರಿನಿಂದ ಆರು ಗಂಟೆಗೆ ಹೊರಟು ಸಕಲೇಶಪುರಕ್ಕೋ ಧರ್ಮಸ್ಥಳಕ್ಕೋ ಹೋಗುವ ಕಾರುಗಳೆಲ್ಲ ಹಾಸನ ಮುಟ್ಟುವುದು ಹೆಚ್ಚು ಕಡಿಮೆ ಒಂಬತ್ತರ ಹೊತ್ತಿಗೆ. ರಿವ್ಯೂ ಬರೆಯುವ ಅಭ್ಯಾಸ ಜಾಸ್ತಿ ಇರುವುದೂ ಈ ಪ್ರಯಾಣಿಕರಿಗೇ. ವಾರದ ದಿನ ನಿಮ್ಮ ದೋಸೆ ಎಷ್ಟೇ ಚೆನ್ನಾಗಿದ್ದರೂ ಗೂಗಲ್‌ನಲ್ಲಿ ಕಾಣುವುದು ಶನಿವಾರದ ದೋಸೆ.

ಅಲ್ಲಿ ಮಾಡಿದ ಬದಲಾವಣೆ ಸಣ್ಣದು. ಶನಿವಾರ, ಭಾನುವಾರ ಎಂಟರಿಂದ ಹತ್ತೂವರೆ ತನಕ ಉತ್ತಪ್ಪ ಮತ್ತು ರವಾ ದೋಸೆ ಇಲ್ಲ, ಹತ್ತೂವರೆ ಮೇಲೆ ಸಿಗುತ್ತದೆ ಅಂತ ಬೋರ್ಡ್ ಹಾಕಿದರು. ಬೋರ್ಡ್ ಇಟ್ಟದ್ದು ಬಾಗಿಲ ಹತ್ತಿರ. ಕೂತು ಆರ್ಡರ್ ಹೇಳಿದ ಮೇಲೆ "ಇಲ್ಲ" ಅಂದರೆ ಅದೇ ಹೊಸ ದೂರಾಗುತ್ತದೆ. ಹಿಟ್ಟು ಮುಟ್ಟಲಿಲ್ಲ. ವ್ಯಾಪಾರ ಹೋಗುತ್ತದೆ ಅಂತ ಮಾಲೀಕರಿಗೆ ಭಯ ಇತ್ತು. ಹಿಂದಿನ ಭಾನುವಾರದ ಬಿಲ್ ಎಣಿಸಿದೆವು. ಆ ಎರಡೂವರೆ ಗಂಟೆಯಲ್ಲಿ ಹೋಗಿದ್ದ ಉತ್ತಪ್ಪ, ರವಾ ದೋಸೆ ಎರಡೂ ಸೇರಿ 22 ಪ್ಲೇಟ್. ಅದರಿಂದ ತಪ್ಪಿಹೋಗುತ್ತಿದ್ದ ಮಸಾಲೆ ದೋಸೆ ಅದಕ್ಕಿಂತ ಎಷ್ಟೋ ಜಾಸ್ತಿ.

ಮುಂದಿನ ನಾಲ್ಕು ವಾರದಲ್ಲಿ ಮೆತ್ತಗೆ ಅನ್ನುವ ದೂರು ಎರಡಕ್ಕೆ ಇಳಿಯಿತು. ಆ ಎರಡರ ಕಾರಣ ಬೇರೆಯೇ ಇತ್ತು. ದೋಸೆ ಕಾವಲಿಯಿಂದ ಇಳಿದು ಕಟ್ಟೆ ಮೇಲೆ ಮೂರು ನಿಮಿಷ ಕಾದಿತ್ತು, ಒಳಗಿನ ಬಿಸಿ ಪಲ್ಯದ ಹಬೆಗೆ ಮೆತ್ತಗಾಗಿತ್ತು. ಸಪ್ಲೈಯರ್ ಆಗ ನೀರು ಕೊಡುತ್ತಿದ್ದರು. ಟೇಬಲ್ ಮೇಲೆ ಜಗ್ ಇಟ್ಟ ಮೇಲೆ ಅದೂ ಕಡಿಮೆಯಾಯಿತು. ಒಂದು ಹೊಸ ದೂರೂ ಬಂತು. ಪ್ರತಿ ಭಾನುವಾರ ಒಂಬತ್ತಕ್ಕೆ ಬಂದು ಉತ್ತಪ್ಪ ತಿನ್ನುತ್ತಿದ್ದ ವಯಸ್ಸಾದ ದಂಪತಿ ಇದ್ದರು. ಅವರಿಗೆ ತುಂಬಾ ಬೇಜಾರಾಯಿತು. ಅವರಂಥ ಐದಾರು ಖಾಯಂ ಗಿರಾಕಿಗಳಿಗಾಗಿ ಮಾಲೀಕರು ಹಿಂದೆ ಬೇರೆ ಒಲೆಯ ಮೇಲೆ ಚಿಕ್ಕದೊಂದು ಹೆಂಚು ಇಟ್ಟರು. ಅದು ಸರಿಯಾದ ಕೆಲಸ ಅಂತ ನನಗೆ ಈಗಲೂ ಅನಿಸುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದನ್ನು ಗಮನಿಸಿ. ನೀವು ಮೆನುವನ್ನೂ ಭಟ್ಟರನ್ನೂ ಬದಲಾಯಿಸಿದ್ದೀರಿ. ಅದರಲ್ಲಿ ಒಂದು ಸರಿಯಾಗಿ, ಇನ್ನೊಂದು ಕೆಟ್ಟಿದ್ದರೂ ನಿಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಈಗ ಸಾಂಬಾರ್ ಸಿಹಿ ಅನ್ನುವ ದೂರು. ಇದನ್ನು ನಾನು ಬೇರೆ ಬುಟ್ಟಿಗೆ ಹಾಕುತ್ತೇನೆ. ದೋಸೆ ಮೆತ್ತಗಾಗಿದ್ದು ತಪ್ಪು, ಯಾವ ಊರಿನವರು ತಿಂದರೂ ತಪ್ಪೇ. ಸಾಂಬಾರಿಗೆ ಬೆಲ್ಲ ಹಾಕುವುದು ಉಡುಪಿ ಕಡೆಯ ಕೈ, ನಮ್ಮ ಎಷ್ಟೋ ಹೋಟೆಲುಗಳ ರುಚಿಯೇ ಅದು. ಬೆಲ್ಲ ಇಲ್ಲದ ಸಾಂಬಾರ್ ತಿಂದು ಬೆಳೆದವರಿಗೆ ಅದು ಹಿಡಿಸದೇ ಇರಬಹುದು. ಹಾಗಾಗಿ ಪುಸ್ತಕದಲ್ಲಿ ಈ ದೂರು ಹೇಳಿದವರು ಊರವರಾ, ದಾರಿಹೋಕರಾ ಅಂತ ಗುರುತು ಹಾಕಿ. ಜೊತೆಗೆ ಒಂದು ದಿನ ತಟ್ಟೆ ತೊಳೆಯುವ ಜಾಗದಲ್ಲಿ ಒಂದು ಗಂಟೆ ನಿಂತು ವಾಪಸ್ ಬರುವ ಬಟ್ಟಲು ನೋಡಿ. ಬಟ್ಟಲು ಖಾಲಿಯಾಗಿ ಬರುತ್ತಿದ್ದರೆ, ಜನ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರೆ, ಬೆಲ್ಲ ಮುಟ್ಟಬೇಡಿ. ಊರವರ ಬಟ್ಟಲಲ್ಲೂ ಅರ್ಧ ಉಳಿಯುತ್ತಿದ್ದರೆ ಆಗ ನೋಡೋಣ. ಅಳೆಯದೆ ಕೈಯಳತೆಯಲ್ಲಿ ಬೆಲ್ಲ ಹಾಕುತ್ತಿದ್ದರೆ ಮಾತ್ರ ಇವತ್ತೇ ತಕ್ಕಡಿ ಇಡಿ. ಸೋಮವಾರ ಒಂದು ರುಚಿ, ಗುರುವಾರ ಇನ್ನೊಂದು ರುಚಿ ಇದ್ದರೆ ಯಾರ ದೂರಿಗೂ ಅರ್ಥ ಸಿಗುವುದಿಲ್ಲ.

ಸಾಂಬಾರ್ ತಣ್ಣಗೆ ಅಂತ ಬಂದರೆ ಅದು ರುಚಿಯ ಮಾತಲ್ಲ. ರಶ್ ಹೊತ್ತಲ್ಲಿ ಬಟ್ಟಲುಗಳಿಗೆ ಮೊದಲೇ ಸುರಿದು ಜೋಡಿಸಿಡುತ್ತಾರಾ ನೋಡಿ. ಸ್ಟೀಲ್ ಬಟ್ಟಲಲ್ಲಿ ಸಾಂಬಾರ್ ಬೇಗ ಆರುತ್ತದೆ. ದೊಡ್ಡ ಪಾತ್ರೆಯಲ್ಲಿ ಇರುವುದೂ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಅಡುಗೆಮನೆಯ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ.

ಪಾರ್ಸೆಲ್ ದೂರುಗಳನ್ನು ಕೂತು ತಿಂದವರ ದೂರಿನ ಜೊತೆ ಎಂದೂ ಬೆರೆಸಬೇಡಿ. ಮುಚ್ಚಿದ ಡಬ್ಬಿಯಲ್ಲಿ ಅರ್ಧ ಗಂಟೆ ಹೋದ ಮಸಾಲೆ ದೋಸೆ ಮೆತ್ತಗಾಗಿಯೇ ಆಗುತ್ತದೆ, ಅದಕ್ಕೆ ಭಟ್ಟರು ಹೊಣೆ ಅಲ್ಲ. ಪಲ್ಯ ಬೇರೆ ಕಟ್ಟಿ, ಡಬ್ಬಿಗೆ ತೂತು ಇಟ್ಟು, ಕೆಳಗೆ ಬಾಳೆಲೆ ಹಾಸಿ ನೋಡಿ. ಅಷ್ಟಾದರೂ ದೂರು ಬಂದರೆ ಆ್ಯಪ್‌ನಿಂದ ಮಸಾಲೆ ದೋಸೆ ತೆಗೆದು ಸೆಟ್ ದೋಸೆ, ಇಡ್ಲಿ, ಪೊಂಗಲ್ ಇಡಿ. ಅವು ಪ್ರಯಾಣ ತಡೆದುಕೊಳ್ಳುತ್ತವೆ.

ಕೆಲವು ದೂರಿಗೆ ಎಣಿಕೆ ಬೇಡ, ಒಂದೇ ಸಾಕು. ಕೂದಲು, ಹುಳ, ಹಳಸಿದ ವಾಸನೆ, ತಿಂದ ಮೇಲೆ ಹೊಟ್ಟೆ ಕೆಟ್ಟಿತು ಅನ್ನುವುದು. "ಒಬ್ಬರು ತಾನೇ" ಅಂತ ಬಿಡಲೇಬಾರದು. ಆ ಪಾತ್ರೆಯದ್ದನ್ನು ಬಡಿಸುವುದು ಆ ಕ್ಷಣವೇ ನಿಲ್ಲಿಸಿ, ಎಷ್ಟು ಗಂಟೆಗೆ ಮಾಡಿದ್ದು ಅಂತ ಕೇಳಿ. ಬಹಳ ಸಲ ಸಿಕ್ಕಿಬೀಳುವುದು ಕಾಯಿ ಚಟ್ನಿ. ಬೆಳಿಗ್ಗೆ ಐದಕ್ಕೆ ರುಬ್ಬಿದ್ದು ಬೇಸಿಗೆಯಲ್ಲಿ ಹತ್ತು ಗಂಟೆಯ ತನಕ ಹೊರಗೇ ಇದ್ದರೆ ಕೆಡದೆ ಇನ್ನೇನಾಗುತ್ತದೆ? ಎರಡು ಗಂಟೆಗೆ ಸಾಕಾಗುವಷ್ಟು ಮಾತ್ರ ರುಬ್ಬಿಸಿ. ಹಳೆ ಚಟ್ನಿಗೆ ಹೊಸದು ಬೆರೆಸಲು ಬಿಡಬೇಡಿ, ಪಾತ್ರೆ ತೊಳೆದೇ ಮತ್ತೆ ತುಂಬಬೇಕು.

ಪುಸ್ತಕದಲ್ಲಿ ಕೆಲಸದವರ ಹೆಸರು ಬರೆಯಬೇಡಿ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ನಾನೇ ಹೋಟೆಲ್ ನಡೆಸುತ್ತಿದ್ದಾಗ ಒಂದು ಕೆಟ್ಟ ರಿವ್ಯೂ ಓದಿ, ಒಬ್ಬ ಸಪ್ಲೈಯರ್ ಹುಡುಗನಿಗೆ ಎಲ್ಲರೆದುರು ಬೈದೆ. ಆಮೇಲೆ ಒಂದು ತಿಂಗಳು ಒಂದೂ ದೂರು ಬರಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ. ನಿಜ ಏನು ಅಂದರೆ, ಹುಡುಗರು ದೂರುಗಳನ್ನು ನನ್ನ ತನಕ ಬರಲು ಬಿಡುತ್ತಿರಲಿಲ್ಲ. ದೋಸೆ ಸರಿ ಇಲ್ಲ ಅಂದವರಿಗೆ ಸದ್ದಿಲ್ಲದೆ ಇನ್ನೊಂದು ತಂದುಕೊಟ್ಟು ಸಮಾಧಾನ ಮಾಡುತ್ತಿದ್ದರು. ಆ ಹುಡುಗನ ಹತ್ತಿರ ಕ್ಷಮೆ ಕೇಳಿದ ಮೇಲೆಯೇ ಮತ್ತೆ ಮಾತು ಬರಲು ಶುರುವಾಯಿತು. ಈಗ ನಾನು "ಕಾವಲಿ", "ಕಾಫಿ", "ಸಪ್ಲೈ", "ಗಲ್ಲಾ" ಅಂತ ಜಾಗ ಮಾತ್ರ ಬರೆಸುತ್ತೇನೆ. ವಾಪಸ್ ಬಂದ ಪ್ಲೇಟನ್ನೂ ಒಂದು ದೂರು ಅಂತಲೇ ಎಣಿಸುತ್ತೇನೆ. ವಾರಕ್ಕೊಮ್ಮೆ ಮಧ್ಯಾಹ್ನ ಮೂರಕ್ಕೆ, ಅಂಗಡಿ ಖಾಲಿ ಇರುವಾಗ, ಎಲ್ಲರನ್ನೂ ಕೂರಿಸಿ ಪುಟ ಓದಿ. ಕಾರಣ ಏನಿರಬಹುದು ಅಂತ ಅವರನ್ನೇ ಕೇಳಿ. ಉತ್ತಪ್ಪದ ವಿಷಯ ತುಮಕೂರಿನ ಆ ಭಟ್ಟರಿಗೆ ಮೊದಲಿಂದಲೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಕೊನೆಗೆ, ರಿವ್ಯೂಗೆ ಉತ್ತರ ಬರೆಯುವುದು. ಎರಡು ದಿನದ ಒಳಗೆ ಬರೆಯಿರಿ. ವಾದ ಮಾಡಬೇಡಿ, "ನಮ್ಮಲ್ಲಿ ಹಾಗೆ ಆಗುವುದೇ ಇಲ್ಲ" ಅನ್ನಬೇಡಿ. ಎಲ್ಲರಿಗೂ ಒಂದೇ ಒಕ್ಕಣೆ ಅಂಟಿಸಿದರೆ ಓದುವವರಿಗೆ ಗೊತ್ತಾಗುತ್ತದೆ. ಐದು ಸ್ಟಾರ್ ಕೊಟ್ಟರೆ ಕಾಫಿ ಫ್ರೀ ಅನ್ನುವ ಬೋರ್ಡಂತೂ ಬೇಡವೇ ಬೇಡ, ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಸುಳ್ಳು ರಿವ್ಯೂ ಅಂತ ಖಚಿತ ಇದ್ದರೆ ಅಲ್ಲೇ ವರದಿ ಮಾಡಿ. ಕಾರಣ ಗೊತ್ತಾಗಿ ಸರಿಪಡಿಸಿದ ಮೇಲೆ ಅದನ್ನೇ ನೇರವಾಗಿ ಬರೆಯಬಹುದು. ತುಮಕೂರಿನವರು ಬರೆದದ್ದು ಹೀಗಿತ್ತು: "ಸರ್, ಭಾನುವಾರ ಬೆಳಿಗ್ಗೆ ನಿಮ್ಮ ದೋಸೆ ಮೆತ್ತಗೆ ಬಂದದ್ದು ನಿಜ. ಆ ಹೊತ್ತಿಗೆ ಉತ್ತಪ್ಪವನ್ನೂ ಅದೇ ಕಾವಲಿಯಲ್ಲಿ ಹಾಕುತ್ತಿದ್ದೆವು, ಬಿಸಿ ಸಾಲುತ್ತಿರಲಿಲ್ಲ. ಈಗ ರಶ್ ಹೊತ್ತಲ್ಲಿ ಅದನ್ನು ನಿಲ್ಲಿಸಿದ್ದೇವೆ. ಮತ್ತೆ ಈ ದಾರಿಯಲ್ಲಿ ಬಂದಾಗ ದಯವಿಟ್ಟು ಬನ್ನಿ." ಆ ಗಿರಾಕಿ ಎರಡು ತಿಂಗಳ ಮೇಲೆ ಬಂದರು. ಬರುವಾಗ ಬಾಗಿಲ ಬೋರ್ಡ್ ಓದಿ, ಒಳಗೆ ಬಂದು ಎರಡು ಮಸಾಲೆ ಹೇಳಿದರು.

ಈ ಶನಿವಾರ ಎಂಟೂವರೆಗೆ ನಿಮ್ಮ ಕಾವಲಿ ಪಕ್ಕ ನಿಲ್ಲಿ. ನಾಲ್ಕು ವಾರ ಆದ ಮೇಲೆ ಪುಸ್ತಕದ ಪುಟಗಳ ಫೋಟೋ ಕಳಿಸಿ, ಸಾಂಬಾರಿನ ವಿಷಯ ಆಗ ತೀರ್ಮಾನ ಮಾಡೋಣ.